ಗುತ್ತಿಗೆಯೂ ಬೇಕು, ಕೋರೂ ಬೇಕು: ದಾವಣಗೆರೆಯ ಒಂದು ಮಾಲ್ ಮಳಿಗೆಯ ಬಾಡಿಗೆ ಲೆಕ್ಕ

ಏಪ್ರಿಲ್ ಎರಡನೇ ವಾರ, ಮಧ್ಯಾಹ್ನದ ಉರಿಬಿಸಿಲು. ಮಂಡಿಪೇಟೆಯ ಬಟ್ಟೆ ಅಂಗಡಿಯ ಯಜಮಾನರು ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಹಿಂದೆ ಅವರ ಮಗ. ಕೈಯಲ್ಲಿ ಮಡಚಿದ ಒಂದು ಹಾಳೆ. ಕೂರುವ ಮೊದಲೇ ಮೇಜಿನ ಮೇಲೆ ಇಟ್ಟರು.

"ನೋಡು ತಮ್ಮಾ, ತಿಂಗಳು ತಪ್ಪದೆ ಬಾಡಿಗೆ ಕಟ್ಟಿದೀನಿ. ಒಂದು ದಿನ ತಡ ಮಾಡಿಲ್ಲ. ಈಗ ಇದೇನಿದು?"

ಅದು ಮಾಲ್‌ನವರು ಕಳಿಸಿದ ಡೆಬಿಟ್ ನೋಟ್. 'ರೆವಿನ್ಯೂ ಶೇರ್ ವ್ಯತ್ಯಾಸ, ಏಪ್ರಿಲ್‌ನಿಂದ ಮಾರ್ಚ್‌ವರೆಗೆ' ಅಂತ ಒಂದೇ ಸಾಲು. 1,64,250 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 1,93,815. ಹದಿನೈದು ದಿನದೊಳಗೆ ಕಟ್ಟಬೇಕು.

ನಾನು ಇವರ ಲೆಕ್ಕಪತ್ರ ನೋಡುವವನು. ಮಂಡಿಪೇಟೆ ಅಂಗಡಿಯದ್ದು ಹಲವು ವರ್ಷಗಳಿಂದ ನೋಡುತ್ತಿದ್ದೇನೆ. ಮಾಲ್ ಮಳಿಗೆ ಶುರುವಾಗಿ ಆಗಿದ್ದು ಒಂದೇ ವರ್ಷ. ಅದರ ಕರಾರು ಬರೆಯುವಾಗ ನನ್ನನ್ನು ಕೇಳಿರಲಿಲ್ಲ, ಆ ಕೊರಗು ನನಗೆ ಇದ್ದೇ ಇದೆ. ಯಾರ ಗುರುತೂ ಸಿಗದಂತೆ ಇಲ್ಲಿ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಲೆಕ್ಕದ ಹದ ಮಾತ್ರ ಇದ್ದಂತೆಯೇ ಇದೆ.

ಕರಾರಿನಲ್ಲಿ ಏನಿತ್ತು

ಮೊದಲ ಮಹಡಿಯಲ್ಲಿ ಹೆಣ್ಣುಮಕ್ಕಳ ಮತ್ತು ಮಕ್ಕಳ ರೆಡಿಮೇಡ್ ಬಟ್ಟೆ ಮಳಿಗೆ. ಕರಾರಿನ ಪ್ರಕಾರ 1,500 ಚದರಡಿ. ಒಳಗೆ ಟೇಪು ಹಿಡಿದರೆ ಸಿಗುವುದು ಸುಮಾರು ಸಾವಿರ ಚದರಡಿ. ಉಳಿದದ್ದು ಕಾರಿಡಾರು, ಎಸ್ಕಲೇಟರು, ಶೌಚಾಲಯದ ಪಾಲು. ಮಾಲ್‌ಗಳಲ್ಲಿ ಬಾಡಿಗೆ ಲೆಕ್ಕ ಹಾಕುವುದು ಈ ಹಿಗ್ಗಿಸಿದ ಅಳತೆಯ ಮೇಲೆ. ಚದರಡಿಗೆ 60 ರೂಪಾಯಿ ಅಂತ ಯಜಮಾನರು ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ಬಟ್ಟೆ ಜೋಡಿಸುವ ಜಾಗಕ್ಕೆ ಹೋಲಿಸಿದರೆ ಅದು 90 ರೂಪಾಯಿ.

ಅಂತೂ ತಿಂಗಳಿಗೆ 90,000. ಇದಕ್ಕೆ ಮಿನಿಮಮ್ ಗ್ಯಾರಂಟಿ ಬಾಡಿಗೆ ಅನ್ನುತ್ತಾರೆ, ಮಾಲ್‌ನವರ ಬಾಯಲ್ಲಿ ಬರೀ 'ಎಂಜಿ'. ಮೇಂಟೆನೆನ್ಸ್ ಬೇರೆ, ಕರೆಂಟ್ ಬೇರೆ. ಅವುಗಳ ಬಗ್ಗೆ ಜಗಳ ಇರಲಿಲ್ಲ, ಆದ್ದರಿಂದ ಬಿಟ್ಟುಬಿಡುತ್ತೇನೆ.

ಜಗಳ ಇದ್ದದ್ದು ಕೆಳಗಿನ ಸಾಲಿನಲ್ಲಿ. ಕರಾರು ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳಿದರೆ ಹೀಗೆ: ಬಾಡಿಗೆದಾರರು ಪ್ರತಿ ತಿಂಗಳು ಎಂಜಿ ಅಥವಾ ಆ ತಿಂಗಳ ನಿವ್ವಳ ಮಾರಾಟದ ಶೇ 9, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಕೊಡಬೇಕು.

ಯಜಮಾನರು ಇದನ್ನು ಓದಿರಲಿಲ್ಲ ಅಂತಲ್ಲ. ಓದಿದ್ದರು. 'ಮಿನಿಮಮ್ ಗ್ಯಾರಂಟಿ' ಅನ್ನುವುದು ತಮಗೆ ಸಿಕ್ಕ ಗ್ಯಾರಂಟಿ ಅಂದುಕೊಂಡಿದ್ದರು. ಬಾಡಿಗೆ 90 ಸಾವಿರಕ್ಕೆ ನಿಂತಿತು, ಅದಕ್ಕಿಂತ ಮೇಲೆ ಹೋಗಲ್ಲ ಅಂತ. ಗ್ಯಾರಂಟಿ ಇರುವುದು ಮಾಲ್‌ನವರಿಗೆ. ವ್ಯಾಪಾರ ಆಗಲಿ ಬಿಡಲಿ, ಇಷ್ಟಂತೂ ಬಂದೇ ಬರುತ್ತದೆ ಅಂತ. ಬಾಡಿಗೆದಾರನಿಗೆ ಅದು ನೆಲ ಮಾತ್ರ, ತಲೆ ಮೇಲಿನ ಸೂರಲ್ಲ.

ಇದನ್ನು ಹೇಗೆ ಹೇಳಿದರೂ ಅವರ ತಲೆಗೆ ಹೋಗಲಿಲ್ಲ. ಮಂಡಿಪೇಟೆಯಲ್ಲಿ ಅವರಪ್ಪನ ಕಾಲದಿಂದ ಬಾಡಿಗೆ ಅಂದರೆ ಬಾಡಿಗೆ. "ಬಾಡಿಗೆ ಕೊಡೋನು ವ್ಯಾಪಾರದ ಲೆಕ್ಕ ಯಾಕೆ ಒಪ್ಪಿಸಬೇಕು?" ಅನ್ನುವುದು ಅವರ ಪ್ರಶ್ನೆ. ಕೊನೆಗೆ ಅವರ ಗದ್ದೆಯ ಮಾತು ತೆಗೆದೆ. ಭದ್ರಾ ನಾಲೆ ಕೆಳಗೆ ಅವರಿಗೆ ನಾಲ್ಕು ಎಕರೆ ಇದೆ.

"ಯಜಮಾನ್ರೇ, ನಿಮ್ಮ ಗದ್ದೆ ಗುತ್ತಿಗೆಗೆ ಕೊಟ್ಟಿದೀರೋ, ಕೋರಿಗೋ?"

"ಗುತ್ತಿಗೆಗೆ. ಎಕರೆಗೆ ಇಷ್ಟು ಚೀಲ ಅಂತ."

"ಬೆಳೆ ಚೆನ್ನಾಗಿ ಬಂದಾಗ ಕೋರಿನ ಹಾಗೆ ಬೆಳೆಯಲ್ಲಿ ಪಾಲು ಕೊಡು, ಬೆಳೆ ಕೈಕೊಟ್ಟಾಗ ಗುತ್ತಿಗೆ ಚೀಲ ಅಳೆದುಹಾಕು ಅಂತ ರೈತನಿಗೆ ಹೇಳಿದ್ರೆ?"

ಅವರು ನಕ್ಕರು. "ಯಾವನು ಒಪ್ತಾನೆ?"

"ನೀವು ಒಪ್ಪಿದೀರಿ."

ಗಡಿ ಎಲ್ಲಿದೆ

ಎಂಜಿಯನ್ನು ಶೇಕಡಾವಾರು ಪಾಲಿನಿಂದ ಭಾಗಿಸಿದರೆ ಒಂದು ಅಂಕಿ ಸಿಗುತ್ತದೆ. ಇಲ್ಲಿ 90,000ವನ್ನು 0.09ರಿಂದ ಭಾಗಿಸಿದರೆ ಸರಿಯಾಗಿ 10 ಲಕ್ಷ. ಮಾಲ್‌ನವರು ಇದಕ್ಕೆ ಬ್ರೇಕ್‌ಪಾಯಿಂಟ್ ಅನ್ನುತ್ತಾರೆ. ನಾನು ಸುಮ್ನೆ ಗಡಿ ಅನ್ನುತ್ತೇನೆ. ತಿಂಗಳ ವ್ಯಾಪಾರ 10 ಲಕ್ಷದ ಒಳಗಿದ್ದರೆ ಬಾಡಿಗೆ 90 ಸಾವಿರ. ಅದನ್ನು ದಾಟಿದರೆ, ದಾಟಿದ ಪ್ರತಿ ನೂರು ರೂಪಾಯಿಯಲ್ಲಿ 9 ರೂಪಾಯಿ ಮಾಲ್‌ಗೆ.

ಮಗನಿಗೆ ಇದು ಗೊತ್ತಿತ್ತು. ಅವನು ವರ್ಷದ ಲೆಕ್ಕ ಮಾಡಿಕೊಂಡೇ ಬಂದಿದ್ದ. "ಅಣ್ಣಾ, ವರ್ಷಕ್ಕೆ ಗಡಿ 1 ಕೋಟಿ 20 ಲಕ್ಷ ಆಯ್ತು. ನಮ್ಮ ವ್ಯಾಪಾರ 1 ಕೋಟಿ 18 ಲಕ್ಷ. ಗಡಿ ಮುಟ್ಟೇ ಇಲ್ಲ. ಶೇ 9 ಅಂದ್ರೂ 10 ಲಕ್ಷ 62 ಸಾವಿರ. ನಾವು ಎಂಜಿ ಅಂತ ಕಟ್ಟಿರೋದೇ 10 ಲಕ್ಷ 80 ಸಾವಿರ. ಅವರೇ ನಮಗೆ ಕೊಡಬೇಕು!"

ಲೆಕ್ಕದಲ್ಲಿ ತಪ್ಪಿಲ್ಲ. ಕರಾರಿನಲ್ಲಿ 'ಪ್ರತಿ ತಿಂಗಳು' ಅಂತ ಎರಡು ಪದ ಇದ್ದವು, ಅಷ್ಟೇ. ಇಡೀ ಪ್ರಕರಣ ನಿಂತಿರುವುದು ಆ ಎರಡು ಪದಗಳ ಮೇಲೆ. ತಿಂಗಳವಾರು ವ್ಯಾಪಾರ ಬರೆದು ನೋಡಿದೆವು.

| ತಿಂಗಳು | ನಿವ್ವಳ ವ್ಯಾಪಾರ (ಲಕ್ಷ ರೂ.) | ಶೇ 9ರ ಪಾಲು (ರೂ.) | ಎಂಜಿ ಮೇಲೆ ಹೆಚ್ಚು (ರೂ.) |
|---|---|---|---|
| ಏಪ್ರಿಲ್ | 11 | 99,000 | 9,000 |
| ಮೇ | 13 | 1,17,000 | 27,000 |
| ಜೂನ್ | 8 | 72,000 | – |
| ಜುಲೈ | 6 | 54,000 | – |
| ಆಗಸ್ಟ್ | 9 | 81,000 | – |
| ಸೆಪ್ಟೆಂಬರ್ | 8 | 72,000 | – |
| ಅಕ್ಟೋಬರ್ | 16 | 1,44,000 | 54,000 |
| ನವೆಂಬರ್ | 12 | 1,08,000 | 18,000 |
| ಡಿಸೆಂಬರ್ | 7 | 63,000 | – |
| ಜನವರಿ | 6 | 54,000 | – |
| ಫೆಬ್ರುವರಿ | 9 | 81,000 | – |
| ಮಾರ್ಚ್ | 13 | 1,17,000 | 27,000 |
| ಒಟ್ಟು | 118 | 10,62,000 | 1,35,000 |

ಈ ಪಟ್ಟಿ ನೋಡಿದರೆ ಯಾವ ಊರಿನ ಬಟ್ಟೆ ಅಂಗಡಿ ಅಂತ ಅಂದಾಜಾಗುತ್ತದೆ. ಏಪ್ರಿಲ್, ಮೇ ಮದುವೆ ಸೀಸನ್. ಜುಲೈನಲ್ಲಿ ಆಷಾಢ, ಅಂಗಡಿ ಹುಡುಗರು ಬಾಗಿಲಲ್ಲಿ ನಿಂತು ಆಕಳಿಸುವ ಕಾಲ. ಶ್ರಾವಣದಲ್ಲಿ ಸ್ವಲ್ಪ ಉಸಿರು. ದಸರಾ, ದೀಪಾವಳಿಗೆ ಕಾಲಿಡಲು ಜಾಗ ಇರುವುದಿಲ್ಲ. ಮಾರ್ಚ್‌ನಲ್ಲಿ ಯುಗಾದಿ ಬಟ್ಟೆ.

ಹನ್ನೆರಡು ತಿಂಗಳಲ್ಲಿ ಏಳು ತಿಂಗಳು ವ್ಯಾಪಾರ ಗಡಿಯ ಕೆಳಗಿತ್ತು. ಆ ಏಳು ತಿಂಗಳೂ ಇವರು ಪೂರ್ತಿ 90 ಸಾವಿರ ಕಟ್ಟಿದ್ದಾರೆ. ಜುಲೈನಲ್ಲಿ ಪಾಲಿನ ಲೆಕ್ಕಕ್ಕೆ 54 ಸಾವಿರ ಆಗಬೇಕಿತ್ತು, ಕಟ್ಟಿದ್ದು 90. ಮೇಲಿನ 36 ಸಾವಿರ ಹೋಯಿತು, ಅದನ್ನು ಅಕ್ಟೋಬರ್‌ನಲ್ಲಿ ವಜಾ ಹಾಕಿಕೊಳ್ಳುವ ಹಾಗಿಲ್ಲ. ಯಾಕೆಂದರೆ ಪ್ರತಿ ತಿಂಗಳ ಲೆಕ್ಕ ಆ ತಿಂಗಳಿಗೇ ಮುಗಿಯುತ್ತದೆ. ಉಳಿದ ಐದು ತಿಂಗಳು ಮಾಲ್‌ನವರು ಕೋರಿನ ಪಾಲು ತೆಗೆದುಕೊಳ್ಳುತ್ತಾರೆ. ಹೀಗೆ ವರ್ಷದ ವ್ಯಾಪಾರ ಗಡಿ ಮುಟ್ಟದಿದ್ದರೂ 1,35,000 ಹೆಚ್ಚುವರಿ ಬಾಡಿಗೆ ಬಿತ್ತು. ಒಟ್ಟು 12 ಲಕ್ಷ 15 ಸಾವಿರ. ಅಂದರೆ ಕರಾರಿನಲ್ಲಿ ಶೇ 9 ಇದ್ದದ್ದು ನಿಜದಲ್ಲಿ ಶೇ 10.3 ಆಯಿತು.

ವ್ಯಾಪಾರ ಹನ್ನೆರಡು ತಿಂಗಳೂ ಒಂದೇ ಸಮ ಇರುವ ಅಂಗಡಿಗೆ ಈ ಪೆಟ್ಟು ಬೀಳುವುದಿಲ್ಲ. ಮೆಡಿಕಲ್ ಶಾಪ್, ದಿನಸಿ ಅಂಗಡಿಗೆ ತಿಂಗಳ ಲೆಕ್ಕವೂ ಒಂದೇ, ವರ್ಷದ ಲೆಕ್ಕವೂ ಹೆಚ್ಚುಕಮ್ಮಿ ಒಂದೇ. ಬಟ್ಟೆ, ಚಿನ್ನ, ಪಟಾಕಿಯಂಥ ಹಬ್ಬದ ವ್ಯಾಪಾರಕ್ಕೆ ಏರಿಳಿತ ಜಾಸ್ತಿ. ಏರಿಳಿತ ಹೆಚ್ಚಿದಷ್ಟೂ ತಿಂಗಳ ಲೆಕ್ಕದಲ್ಲಿ ನಷ್ಟ ಹೆಚ್ಚು.

ಯಜಮಾನರ ಹತ್ತಿರ ಇನ್ನೊಂದು ವಾದ ಇತ್ತು. ವರ್ಷ ಮುಗಿದ ಅರವತ್ತು ದಿನದಲ್ಲಿ ಆಡಿಟರ್ ಸಹಿ ಮಾಡಿದ ಮಾರಾಟದ ಪ್ರಮಾಣಪತ್ರ ಕೊಡಬೇಕು, ವ್ಯತ್ಯಾಸ ಕಂಡರೆ ಸರಿಪಡಿಸಬೇಕು ಅಂತ ಕರಾರಿನಲ್ಲೇ ಇದೆ. ಇದು ವರ್ಷದ ಲೆಕ್ಕವಲ್ಲದೆ ಮತ್ತೇನು ಅಂತ. ನನಗೂ ಹಾಗೇ ಓದಲು ಆಸೆಯಿತ್ತು. ಆದರೆ ಆ ಕಲಂ ಇರುವುದು ಮಾರಾಟದ ಅಂಕಿ ಸರಿಯಿದೆಯಾ ಅಂತ ನೋಡಲಿಕ್ಕೆ. ಜುಲೈ ವ್ಯಾಪಾರ 6 ಲಕ್ಷ ಅಂತ ಹೇಳಿ ನಿಜಕ್ಕೂ 6 ಲಕ್ಷ 20 ಸಾವಿರ ಇದ್ದರೆ ಅದನ್ನು ತಿದ್ದಬಹುದು. ಬಾಡಿಗೆಯ ಅಳತೆಗೋಲನ್ನು ಅದು ಬದಲಿಸುವುದಿಲ್ಲ. ಈ ವಾದ ನಿಲ್ಲುವುದಿಲ್ಲ ಅಂತ ಅವರಿಗೆ ನೇರವಾಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಡೆಬಿಟ್ ನೋಟ್‌ನಲ್ಲಿ ಇದ್ದ ತಪ್ಪು

ಆದರೆ ಒಂದು ವಿಷಯ ಹೊಂದುತ್ತಿರಲಿಲ್ಲ. ನಮ್ಮ ಪಟ್ಟಿಯಲ್ಲಿ 1,35,000. ಮಾಲ್‌ನವರು ಕೇಳಿದ್ದು 1,64,250. ನಡುವಿನ 29,250 ಎಲ್ಲಿಂದ ಬಂತು?

ಮಾಲ್‌ನ ಅಕೌಂಟ್ಸ್ ವಿಭಾಗಕ್ಕೆ ಮೇಲ್ ಹಾಕಿ ತಿಂಗಳವಾರು ಲೆಕ್ಕ ತರಿಸಿದೆವು. ಅಕ್ಟೋಬರ್ ಸಾಲಿನಲ್ಲಿ 16 ಲಕ್ಷದ ಬದಲು 16 ಲಕ್ಷ 80 ಸಾವಿರ ಇತ್ತು. ಮೇ ಸಾಲಿನಲ್ಲಿ 13 ಲಕ್ಷದ ಬದಲು 13 ಲಕ್ಷ 65 ಸಾವಿರ. ಗಡಿ ದಾಟಿದ ಉಳಿದ ಮೂರು ತಿಂಗಳದ್ದೂ ಇದೇ ಕತೆ, ಐದರಲ್ಲೂ ಸರಿಯಾಗಿ ಶೇ 5 ಹೆಚ್ಚು. ನೋಡಿದ ತಕ್ಷಣ ಗೊತ್ತಾಯಿತು. ಇವರ ಮಾಲು ಹೆಚ್ಚಿನದೆಲ್ಲ ಶೇ 5ರ ಜಿಎಸ್‌ಟಿಯದು. ಬಿಲ್ಲಿಂಗ್ ಸಾಫ್ಟ್‌ವೇರಿನಿಂದ ಮಾಲ್‌ಗೆ ಹೋಗುವ ರಿಪೋರ್ಟಿನಲ್ಲಿ ಗಿರಾಕಿ ಕೊಟ್ಟ ಪೂರ್ತಿ ಹಣದ ಕಾಲಂ ಒಂದು, ತೆರಿಗೆ ಬಿಟ್ಟ ಕಾಲಂ ಇನ್ನೊಂದು. ಅವರು ಮೊದಲನೆಯದನ್ನು ಹಿಡಿದಿದ್ದರು.

ಬಟ್ಟೆ ಅಂಗಡಿಯಲ್ಲಿ ಈ ತಪ್ಪು ಸುಲಭವಾಗಿ ಆಗುತ್ತದೆ. ಯಾಕೆಂದರೆ ಚೀಟಿಯ ಮೇಲಿನ ಬೆಲೆಯಲ್ಲೇ ತೆರಿಗೆ ಸೇರಿರುತ್ತದೆ. 1,050 ರೂಪಾಯಿಯ ಚೂಡಿದಾರ್ ಮಾರಿದರೆ ವ್ಯಾಪಾರ 1,000, ಉಳಿದ 50 ಸರ್ಕಾರದ್ದು. ಅದು ಅಂಗಡಿಯವರ ಕೈ ಹಾಯ್ದು ಹೋಗುತ್ತದೆ, ಅವರ ದುಡಿಮೆಯಲ್ಲ. ಕರಾರಿನ 'ನಿವ್ವಳ ಮಾರಾಟ'ದ ವ್ಯಾಖ್ಯಾನದಲ್ಲೂ ಜಿಎಸ್‌ಟಿ ಮತ್ತು ವಾಪಸ್ ಬಂದ ಮಾಲನ್ನು ಕಳೆಯಬೇಕು ಅಂತ ಸ್ಪಷ್ಟವಾಗಿತ್ತು. ಈಗ ಒಂದು ಉಡುಪಿನ ಬೆಲೆ 2,500 ರೂಪಾಯಿ ದಾಟಿದರೆ ಶೇ 18 ತೆರಿಗೆ. ಮದುವೆ ಲೆಹೆಂಗಾದಂಥ ದುಬಾರಿ ಮಾಲು ಮಾರುವವರಿಗೆ ಇದೇ ತಪ್ಪು ಮೂರು ಪಟ್ಟಿಗಿಂತ ಹೆಚ್ಚು ಚುಚ್ಚುತ್ತದೆ.

ಒಂದು ಮೇಲ್‌ಗೆ ಈ ವಿಷಯ ಮುಗಿಯಿತು. ಮಾಲ್‌ನವರು ವಾದ ಮಾಡಲಿಲ್ಲ. 29,250 ಮತ್ತು ಅದರ ಮೇಲಿನ ಜಿಎಸ್‌ಟಿ ಸೇರಿ 34,515 ರೂಪಾಯಿಗೆ ಕ್ರೆಡಿಟ್ ನೋಟ್ ಕೊಟ್ಟರು. ಉಳಿದದ್ದನ್ನು ಕಟ್ಟುವಾಗ ಎಂಜಿಗೆ ಹಿಡಿಯುವ ಹಾಗೆಯೇ ಶೇ 10 ಟಿಡಿಎಸ್ ಹಿಡಿದೆವು. ಪಾಲಿನ ಹಣವೂ ಬಾಡಿಗೆಯೇ. ಇದನ್ನು 'ಕಮಿಷನ್' ಅಂತ ಬೇರೆ ಖಾತೆಗೆ ಬರೆದವರನ್ನು ನೋಡಿದ್ದೇನೆ.

ಯಜಮಾನರು ತೆಗೆದ ಇನ್ನೊಂದು ಬೇಡಿಕೆಗೆ ಮಾತ್ರ ನಾನು ಒಪ್ಪಲಿಲ್ಲ. ಹರಿಹರ, ಹರಪನಹಳ್ಳಿ ಕಡೆಯ ಗಿರಾಕಿಗಳು ವಾಟ್ಸ್ಆಪ್‌ನಲ್ಲಿ ಫೋಟೊ ನೋಡಿ ಆರ್ಡರ್ ಮಾಡುತ್ತಾರೆ. ಬಸ್ ಪಾರ್ಸೆಲ್‌ನಲ್ಲಿ ಬಟ್ಟೆ ಹೋಗುತ್ತದೆ. "ಅವರು ಮಾಲ್ ಮೆಟ್ಟಿಲೇ ಹತ್ತಿಲ್ಲ. ಆ ವ್ಯಾಪಾರದಲ್ಲಿ ಇವರಿಗೆ ಯಾಕೆ ಪಾಲು?" ಕೇಳಲು ನ್ಯಾಯವಾಗಿಯೇ ಇದೆ. ಆದರೆ ಕರಾರಿನಲ್ಲಿ 'ಮಳಿಗೆಯಲ್ಲಿ, ಮಳಿಗೆಯಿಂದ ಅಥವಾ ಮಳಿಗೆಯ ಮೂಲಕ' ಆದ ಮಾರಾಟ ಅಂತ ಇತ್ತು. ಫೋಟೊ ತೆಗೆದದ್ದು ಮಾಲ್ ಮಳಿಗೆಯಲ್ಲಿ, ಮಾಲು ಇಟ್ಟದ್ದು ಅಲ್ಲಿ, ಬಿಲ್ ಹರಿದದ್ದೂ ಅಲ್ಲೇ. ಹೊರಗಿಡಬೇಕು ಅಂದಿದ್ದರೆ ಕರಾರು ಬರೆಯುವಾಗಲೇ ಕೇಳಬೇಕಿತ್ತು.

ಮಗ ಕೊಟ್ಟ ಐಡಿಯಾ

"ಹಂಗಿದ್ರೆ ಮಾಲ್‌ನಲ್ಲಿ ಮಾರಿದ್ದರಲ್ಲಿ ಒಂದಿಷ್ಟನ್ನ ಮಂಡಿಪೇಟೆ ಬಿಲ್‌ನಲ್ಲಿ ಹಾಕಿದ್ರೆ ಆಯ್ತಲ್ಲ ಅಣ್ಣಾ? ಜಿಎಸ್‌ಟಿ ನಂಬರ್ ಒಂದೇ. ಸರ್ಕಾರಕ್ಕೇನೂ ಮೋಸ ಇಲ್ಲ."

ಎಲ್ಲ ಬಾಡಿಗೆದಾರರ ತಲೆಗೂ ಒಂದಲ್ಲ ಒಂದು ದಿನ ಬರುವ ಯೋಚನೆ ಇದು. ಅವನು ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಒಂದೇ ರಾಜ್ಯದಲ್ಲಿ ಒಂದೇ ಜಿಎಸ್‌ಟಿ ನೋಂದಣಿಯಲ್ಲಿ ಎರಡು ಅಂಗಡಿ ನಡೆಸಬಹುದು, ರಿಟರ್ನ್ ಕೂಡ ಒಂದೇ. ಆದ್ದರಿಂದ ಮಾಲ್‌ನವರು ರಿಟರ್ನ್ ನೋಡಿ ಮಳಿಗೆಯ ವ್ಯಾಪಾರ ಬೇರ್ಪಡಿಸಲು ಆಗುವುದಿಲ್ಲ. ಆದರೆ ಅವರು ನೋಡುವುದು ರಿಟರ್ನ್ ಅಲ್ಲ. ಮಳಿಗೆಯ ಕಾರ್ಡ್ ಮಷೀನಿಗೂ ಯುಪಿಐ ಕ್ಯೂಆರ್‌ಗೂ ಬಂದ ಹಣ ಬಿಲ್ ಆದ ಮೊತ್ತಕ್ಕಿಂತ ಜಾಸ್ತಿ ಇದೆಯಾ ಅಂತ ನೋಡುತ್ತಾರೆ. ಬಿಲ್ ನಂಬರಿನಲ್ಲಿ ನಡುನಡುವೆ ಖಾಲಿ ಇದೆಯಾ ನೋಡುತ್ತಾರೆ. ಶನಿವಾರ ಸಂಜೆ ಮಾಲ್ ತುಂಬ ಜನ, ಪಕ್ಕದ ಅಂಗಡಿಯಲ್ಲಿ ನೂರು ಬಿಲ್, ಇವರಲ್ಲಿ ಹನ್ನೆರಡು ಅಂದರೆ ಕಣ್ಣಿಗೆ ಬೀಳದೆ ಇರುತ್ತದೆಯೇ?

ಸಿಕ್ಕಿಬಿದ್ದರೆ ಏನು ಅಂತಲೂ ಕರಾರಿನಲ್ಲಿತ್ತು. ತೋರಿಸಿದ ವ್ಯಾಪಾರ ನಿಜವಾದದ್ದಕ್ಕಿಂತ ಶೇ 3ಕ್ಕಿಂತ ಜಾಸ್ತಿ ಕಡಿಮೆ ಇದ್ದರೆ ಬಾಕಿ ಪಾಲು, ಬಡ್ಡಿ, ಜೊತೆಗೆ ಆಡಿಟ್‌ನ ಪೂರ್ತಿ ಖರ್ಚು ಇವರ ಮೇಲೆ. ಎರಡನೇ ಸಲ ಆದರೆ ಕರಾರು ರದ್ದು. ಒಂದು ಲಕ್ಷದ ಮಾಲು ಮುಚ್ಚಿಟ್ಟರೆ ಉಳಿಯುವುದು 9 ಸಾವಿರ. ಅಷ್ಟಕ್ಕೆ ಲಕ್ಷಾಂತರ ಸುರಿದು ಮಾಡಿಸಿದ ಇಂಟೀರಿಯರ್ ಪಣಕ್ಕಿಡುವುದು ಬುದ್ಧಿವಂತಿಕೆ ಅಂತ ನನಗೆ ಅನ್ನಿಸಲಿಲ್ಲ.

ಆ ಮಾತಿನಿಂದ ಒಂದು ಒಳ್ಳೆಯ ಕೆಲಸವೂ ಆಯಿತು. ಎರಡೂ ಅಂಗಡಿಯ ಬಿಲ್‌ಗಳು ಅಲ್ಲಿಯವರೆಗೆ ಒಂದೇ ನಂಬರ್ ಸಾಲಿನಲ್ಲಿ ಓಡುತ್ತಿದ್ದವು. ಮಾಲ್‌ನ ಒಂದು ಬಿಲ್ 412 ಆದರೆ ಮುಂದಿನದು 415, ನಡುವಿನ ಎರಡು ಮಂಡಿಪೇಟೆಯವು. ಹೊರಗಿನವರಿಗೆ ಅದು ಬಿಲ್ ಮುಚ್ಚಿಟ್ಟ ಹಾಗೆಯೇ ಕಾಣುತ್ತದೆ. ಜಿಎಸ್‌ಟಿ ನಿಯಮದಲ್ಲಿ ಒಂದಕ್ಕಿಂತ ಹೆಚ್ಚು ನಂಬರ್ ಸಾಲು ಇಟ್ಟುಕೊಳ್ಳಲು ಅವಕಾಶ ಇದೆ. ಮಾಲ್‌ಗೆ `M/0001`, ಮಂಡಿಪೇಟೆಗೆ `P/0001` ಅಂತ ಅವತ್ತೇ ಬೇರೆ ಮಾಡಿಸಿದೆವು. ಇನ್ನೊಂದು: ಮಂಡಿಪೇಟೆಯಲ್ಲಿ ಕೊಂಡ ಬಟ್ಟೆಯನ್ನು ಗಿರಾಕಿ ಮಾಲ್‌ನಲ್ಲಿ ಬದಲಿಸಿದರೆ ಆ ವಾಪಸನ್ನು ಮಾಲ್ ವ್ಯಾಪಾರದಿಂದ ಕಳೆಯಬಾರದು. ಅಲ್ಲಿ ಸೇರಿಯೇ ಇಲ್ಲದ್ದನ್ನು ಕಳೆಯುವುದು ಹೇಗೆ, ಅಲ್ವಾ?

ಮಾಲ್‌ನವರ ಜೊತೆ ಮಾತುಕತೆ

ಹಳೆ ವರ್ಷದ 1,35,000 ಕಟ್ಟುವುದು ಬಿಟ್ಟು ದಾರಿ ಇರಲಿಲ್ಲ. ಮುಂದಿನದಕ್ಕೆ ಏನಾದರೂ ಮಾಡಬಹುದಾ ಅಂತ ಲೀಸಿಂಗ್ ಮ್ಯಾನೇಜರ್ ಹತ್ತಿರ ಹೋದೆವು. ಯಜಮಾನರು ಕೂತ ಕೂಡಲೇ "ಎಂಜಿ ತೆಗೆದುಹಾಕಿ ಸಾರ್, ಬರೀ ಪಾಲು ತಗೊಳ್ಳಿ" ಅಂದರು.

ಮ್ಯಾನೇಜರ್ ತಲೆಯಾಡಿಸಿದರು. ಮಾಲ್ ಕಟ್ಟಲು ಬ್ಯಾಂಕಿನಲ್ಲಿ ಸಾಲ ಇದೆ, ಬಾಡಿಗೆ ಕರಾರುಗಳ ಆಧಾರದ ಮೇಲೆ ಕೊಟ್ಟ ಸಾಲ. ಬ್ಯಾಂಕಿನವರು ಲೆಕ್ಕಕ್ಕೆ ಹಿಡಿಯುವುದು ಎಂಜಿಯನ್ನು. ಪಾಲು ಬರಬಹುದು, ಬರದೇ ಇರಬಹುದು, ಅದರ ಮೇಲೆ ಯಾರೂ ಸಾಲ ಕೊಡುವುದಿಲ್ಲ. 2020ರ ಲಾಕ್‌ಡೌನ್ ಆದ ಮೇಲೆ ದೇಶದ ಎಷ್ಟೋ ಮಾಲ್‌ಗಳು ಕೆಲವು ತಿಂಗಳು ಎಂಜಿ ಬಿಟ್ಟು ಬರೀ ಪಾಲು ತೆಗೆದುಕೊಂಡವು. ಅದು ಆಪತ್ಕಾಲದ ಮಾತು. ಸಿನಿಮಾ ಹಾಲ್, ಸೂಪರ್‌ಮಾರ್ಕೆಟ್‌ನಂಥ ದೊಡ್ಡ ಬಾಡಿಗೆದಾರರಿಗೆ ಈಗಲೂ ರಿಯಾಯಿತಿ ಸಿಗುತ್ತದೆ, ಯಾಕೆಂದರೆ ಜನರನ್ನು ಮಾಲ್‌ಗೆ ಎಳೆದು ತರುವವರು ಅವರು. ಸಾವಿರ ಚದರಡಿಯ ಅಂಗಡಿಗೆ ಆ ಬಲ ಇಲ್ಲ.

ಹಾಗಾಗಿ ನಾನು ಎಂಜಿ ಮುಟ್ಟಲಿಲ್ಲ, ಶೇಕಡಾವಾರನ್ನೂ ಮುಟ್ಟಲಿಲ್ಲ. ಲೆಕ್ಕ ವರ್ಷಕ್ಕೊಮ್ಮೆ ಮಾಡಿ ಅಂತ ಮಾತ್ರ ಕೇಳಿದೆ. ತಿಂಗಳಿಗೆ 90 ಸಾವಿರ ಕೊಡುತ್ತಾ ಹೋಗುತ್ತೇವೆ. ಮಾರ್ಚ್ ಮುಗಿದ ಮೇಲೆ ಇಡೀ ವರ್ಷದ ಪಾಲು ಎಂಜಿಗಿಂತ ಹೆಚ್ಚಾಗಿದ್ದರೆ ವ್ಯತ್ಯಾಸ ಕೊಡುತ್ತೇವೆ.

ಎರಡು ದಿನ ಬಿಟ್ಟು ಉತ್ತರ ಬಂತು: ಆಗಲಿ, ವರ್ಷದ ಲೆಕ್ಕಕ್ಕೆ ಒಪ್ಪುತ್ತೇವೆ, ಆದರೆ ಪಾಲು ಶೇ 9ರ ಬದಲು 10.

ಯಜಮಾನರು ಖುಷಿಯಾದರು. ಕಳೆದ ವರ್ಷದ ವ್ಯಾಪಾರಕ್ಕೆ ಶೇ 10 ಹಾಕಿದರೆ 11 ಲಕ್ಷ 80 ಸಾವಿರ. ಕಟ್ಟಿದ್ದು 12 ಲಕ್ಷ 15 ಸಾವಿರ. 35 ಸಾವಿರ ಉಳಿಯಿತಲ್ಲ! ಪೆನ್ನು ತೆಗೆದೇ ಬಿಟ್ಟಿದ್ದರು.

ಆದರೆ ಕಳೆದ ವರ್ಷ ಮೊದಲ ವರ್ಷ. ವ್ಯಾಪಾರ ಅಲ್ಲೇ ನಿಲ್ಲುವುದಿಲ್ಲ, ನಿಲ್ಲಬಾರದು ಕೂಡ. ಎಲ್ಲಾ ತಿಂಗಳೂ ಶೇ 20 ಏರಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿದೆ. ವರ್ಷದ ವ್ಯಾಪಾರ 1 ಕೋಟಿ 41 ಲಕ್ಷ 60 ಸಾವಿರ. ಹಳೆ ಕರಾರಿನಲ್ಲೇ, ತಿಂಗಳ ಲೆಕ್ಕ ಶೇ 9ರಲ್ಲೇ ಇದ್ದರೆ ಬಾಡಿಗೆ ಸುಮಾರು 13 ಲಕ್ಷ 46 ಸಾವಿರ. ಹೊಸ ಮಾತಿನಂತೆ ವರ್ಷದ ಲೆಕ್ಕ ಶೇ 10 ಆದರೆ 14 ಲಕ್ಷ 16 ಸಾವಿರ. 70 ಸಾವಿರ ಹೆಚ್ಚು! ಎಲ್ಲಿಂದ ತಿರುಗುತ್ತದೆ ಅಂತ ಹುಡುಕಿದರೆ, ವ್ಯಾಪಾರ ಬರೀ ಶೇ 6 ಏರಿದರೆ ಸಾಕು, ಹೊಸ ಮಾತು ನಷ್ಟಕ್ಕೆ ತಿರುಗುತ್ತದೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಊರಿನ ಬಟ್ಟೆ ವ್ಯಾಪಾರ ಹೇಗಿರುತ್ತದೆ ಅಂತ ಯಜಮಾನರಿಗೆ ನಾನು ಹೇಳಬೇಕಾಗಿಲ್ಲ.

ಹೀಗಾಗಲು ಕಾರಣ ಇದೆ. ಲೆಕ್ಕದ ಅವಧಿ ಉದ್ದವಾದರೆ ಲಾಭ ಸಿಗುವುದು ಕೆಲವು ತಿಂಗಳು ಗಡಿಯ ಮೇಲೆ, ಕೆಲವು ಕೆಳಗೆ ಇದ್ದಾಗ ಮಾತ್ರ. ಕೆಳಗಿನ ತಿಂಗಳ ಕೊರತೆ ಮೇಲಿನ ತಿಂಗಳ ಹೆಚ್ಚಳವನ್ನು ನುಂಗುತ್ತದೆ. ವ್ಯಾಪಾರ ಬೆಳೆದು ಎಲ್ಲಾ ತಿಂಗಳೂ ಗಡಿ ದಾಟಿದರೆ ನುಂಗಲು ಕೊರತೆಯೇ ಇರುವುದಿಲ್ಲ. ಆಗ ತಿಂಗಳ ಲೆಕ್ಕವೂ ಒಂದೇ, ವರ್ಷದ ಲೆಕ್ಕವೂ ಒಂದೇ. ಉಳಿಯುವುದು ಶೇಕಡಾವಾರು ಮಾತ್ರ, ಅದನ್ನು ನಾವು ಏರಿಸಿಕೊಂಡಿರುತ್ತೇವೆ. ಮ್ಯಾನೇಜರ್ ಇದನ್ನು ತಿಳಿದೇ ಕೇಳಿದ್ದರೋ ಇಲ್ಲವೋ ಹೇಳಲಾರೆ. ತಿಳಿದೇ ಕೇಳಿದ್ದರು ಅಂತ ನನ್ನ ಅನುಮಾನ.

ಪೆನ್ನು ಜೇಬಿಗೆ ಹಾಕಿಸಿದೆ. ಶೇ 9 ಹಾಗೇ ಇರಲಿ, ವರ್ಷದ ಬದಲು ಮೂರು ತಿಂಗಳಿಗೊಮ್ಮೆ ಲೆಕ್ಕ ಮಾಡೋಣ ಅಂತ ನಡುವಿನ ದಾರಿ ಇಟ್ಟೆ. ಮೂರು ತಿಂಗಳಿಗೆ ಗಡಿ 30 ಲಕ್ಷ. ಕಳೆದ ವರ್ಷಕ್ಕೆ ಅನ್ವಯಿಸಿ ನೋಡಿದರೆ ಏಪ್ರಿಲ್–ಜೂನ್ 32 ಲಕ್ಷ, ಅಕ್ಟೋಬರ್–ಡಿಸೆಂಬರ್ 35 ಲಕ್ಷ. ಉಳಿದೆರಡು ಕಂತು ಗಡಿಯ ಒಳಗೆ. ದಾಟಿದ್ದು ಒಟ್ಟು 7 ಲಕ್ಷ, ಹೆಚ್ಚುವರಿ 63 ಸಾವಿರ. ಅಂದರೆ ಬಾಡಿಗೆ 11 ಲಕ್ಷ 43 ಸಾವಿರ. ಮೇ ತಿಂಗಳ ಮದುವೆ ವ್ಯಾಪಾರ ಜೂನ್ ಕೊರತೆಯನ್ನು ತುಂಬಿತು, ದೀಪಾವಳಿ ಡಿಸೆಂಬರನ್ನು ತುಂಬಿತು, ಯುಗಾದಿ ಜನವರಿಯನ್ನು. ವ್ಯಾಪಾರ ಶೇ 20 ಏರಿದರೂ ಬಾಡಿಗೆ 12 ಲಕ್ಷ 96 ಸಾವಿರ, ಉಳಿದ ಎರಡಕ್ಕಿಂತಲೂ ಕಡಿಮೆ. ಆಷಾಢ ಬರುವ ಕಂತಿನಲ್ಲಿ ಮಾತ್ರ ಏನೂ ದಕ್ಕುವುದಿಲ್ಲ, ಆ ಮೂರೂ ತಿಂಗಳು ತಗ್ಗಿನಲ್ಲೇ ಇರುತ್ತವೆ.

ಮಾಲ್‌ನವರಿಗೂ ಹಣ ವರ್ಷದ ಕೊನೆಯವರೆಗೆ ಕಾಯದೆ ಕಂತಿಗೊಮ್ಮೆ ಬರುತ್ತದೆ. ಒಪ್ಪಿದರು. ಬದಲಿಗೆ ಒಂದು ಕೇಳಿದರು: ಲಾಕ್-ಇನ್ ಅವಧಿ ಮೂರು ವರ್ಷದ ಬದಲು ನಾಲ್ಕು.

ಇದು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಮೂಲ ಕರಾರಿನಲ್ಲಿ ಮೂರು ವರ್ಷ ಆದ ಮೇಲೆ ಎಂಜಿ ಶೇ 15 ಏರುತ್ತದೆ. ಅಂದರೆ ನಾಲ್ಕನೇ ವರ್ಷ ತಿಂಗಳಿಗೆ 1,03,500. ಏರಿದ ಬಾಡಿಗೆ ತಾಳದಿದ್ದರೆ ಬಿಟ್ಟು ಹೋಗಬಹುದು ಅನ್ನುವ ಬಾಗಿಲು ಮೂರನೇ ವರ್ಷದ ಕೊನೆಗೆ ತೆರೆಯುತ್ತಿತ್ತು. ಈಗ ಅದು ಒಂದು ವರ್ಷ ಮುಂದಕ್ಕೆ ಹೋಯಿತು. ವ್ಯಾಪಾರ ಕುಸಿದರೂ ಆ ವರ್ಷದ 12 ಲಕ್ಷ 42 ಸಾವಿರ ಕಟ್ಟಲೇಬೇಕು, ಮೇಂಟೆನೆನ್ಸ್ ಬೇರೆ. ವರ್ಷಕ್ಕೆ 72 ಸಾವಿರ ಉಳಿಸಲು ಇಷ್ಟು ದೊಡ್ಡ ಹೊರೆ ಹೊರಬೇಕಾ ಅಂತ ಕೇಳಿದೆ.

ಯಜಮಾನರು ಆಗಲೇ ತೀರ್ಮಾನ ಮಾಡಿದ್ದರು. "ಇಂಟೀರಿಯರ್ ದುಡ್ಡು ವಾಪಸ್ ಬರೋಕೇ ನಾಲ್ಕು ವರ್ಷ ಬೇಕು ತಮ್ಮಾ. ಅಷ್ಟರೊಳಗೆ ನಾನೆಲ್ಲಿ ಹೋಗ್ಲಿ?" ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೂಲ ಕರಾರು ರಿಜಿಸ್ಟರ್ ಆಗಿತ್ತು, ಆದ್ದರಿಂದ ತಿದ್ದುಪಡಿಯನ್ನೂ ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಿದೆವು. ಅದರಲ್ಲಿ ಮೂರು ಸಾಲು ನಾನೇ ಸೇರಿಸಿದ್ದು. ಮೂರು ತಿಂಗಳ ಕಂತು ಯಾವ ತಿಂಗಳಿಂದ ಯಾವ ತಿಂಗಳವರೆಗೆ ಅನ್ನುವುದು ಒಂದು. ನಿವ್ವಳ ಮಾರಾಟ ಬಿಲ್ಲಿಂಗ್ ರಿಪೋರ್ಟಿನ ತೆರಿಗೆ ಬಿಟ್ಟ ಕಾಲಂನಿಂದಲೇ ಅನ್ನುವುದು ಇನ್ನೊಂದು. ಎಂಜಿ ಏರಿದಾಗ ಗಡಿಯೂ ಅದೇ ಲೆಕ್ಕದಲ್ಲಿ ಮೂರು ತಿಂಗಳಿಗೆ 34 ಲಕ್ಷ 50 ಸಾವಿರಕ್ಕೆ ಏರುತ್ತದೆ ಅನ್ನುವುದು ಮೂರನೆಯದು. ಲೆಕ್ಕ ಬಲ್ಲವರಿಗೆ ಇದು ತಾನಾಗಿಯೇ ಬರುವ ಅಂಕಿ, ಬರೆಯುವ ಅಗತ್ಯ ಇಲ್ಲ ಅಂತ ಮ್ಯಾನೇಜರ್ ಅಂದರು. 'ಪ್ರತಿ ತಿಂಗಳು' ಅನ್ನುವುದರಿಂದ ಆದದ್ದನ್ನು ನೋಡಿದ ಮೇಲೆ ನನಗೆ ಬರೆದೇ ಬೇಕಿತ್ತು.

ಹೊಸ ಲೆಕ್ಕದ ಮೊದಲ ಕಂತು ಜೂನ್‌ಗೆ ಮುಗಿಯಿತು. ಏಪ್ರಿಲ್ 12 ಲಕ್ಷ, ಮೇ 13 ಲಕ್ಷ 50 ಸಾವಿರ, ಜೂನ್ 7 ಲಕ್ಷ. ಒಟ್ಟು 32 ಲಕ್ಷ 50 ಸಾವಿರ, ಹೆಚ್ಚುವರಿ 22,500. ಹಳೆ ಲೆಕ್ಕ ಇದ್ದಿದ್ದರೆ 49,500 ಆಗುತ್ತಿತ್ತು. ಜುಲೈ 7ಕ್ಕೆ ಮಗ ಮಾರಾಟದ ಸ್ಟೇಟ್‌ಮೆಂಟ್ ಕಳಿಸಿದ, `M/` ಸಾಲಿನ ಬಿಲ್‌ಗಳು ಒಂದೂ ಬಿಡದೆ ಜೋಡಿಸಿದ್ದ. ಮಾಲ್‌ನವರ ಬಿಲ್ ನಾಲ್ಕು ದಿನದಲ್ಲಿ ಬಂತು, 22,500 ಮತ್ತು ಜಿಎಸ್‌ಟಿ. ಅಷ್ಟರಲ್ಲಿ ಆಷಾಢ ಹಿಡಿದಿತ್ತು.